ಇಆರ್‌ಪಿಯ ಐದು ವರ್ಷದ ನಿಜವಾದ ಬೆಲೆ: ಕೊಟೇಶನ್ನಿನ ಒಳಗಿರುವುದು ಮತ್ತು ಹೊರಗುಳಿಯುವುದು

ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಲೆಕ್ಕಪತ್ರ ಇವೆಲ್ಲವನ್ನೂ ಒಂದೇ ದತ್ತಾಂಶದ ಮೇಲೆ ನಡೆಸುವ ತಂತ್ರಾಂಶಕ್ಕೆ ಇಆರ್‌ಪಿ ಎನ್ನುತ್ತಾರೆ. ಸ್ಟೋರ್ಸಿನಲ್ಲಿ ಕಬ್ಬಿಣದ ಸರಳು ಇಳಿಸಿಕೊಂಡವನು ಮಾಡಿದ ಒಂದು ನಮೂದಿನಿಂದಲೇ ದಾಸ್ತಾನು ಹೆಚ್ಚಬೇಕು, ಸರಬರಾಜುದಾರನಿಗೆ ಕೊಡಬೇಕಾದ ಬಾಕಿ ಕಾಣಿಸಬೇಕು, ಜಿಎಸ್‌ಟಿ ಲೆಕ್ಕವೂ ಸಿದ್ಧವಾಗಬೇಕು ಎಂಬುದು ಅದರ ಮೂಲ ಕಲ್ಪನೆ. ಇದುವರೆಗೆ ಟ್ಯಾಲಿ ಮತ್ತು ಎಕ್ಸೆಲ್ ಹಾಳೆಗಳಲ್ಲಿ ವ್ಯವಹಾರ ನಡೆಸಿಕೊಂಡು ಬಂದ ಅನೇಕ ಮಧ್ಯಮ ಗಾತ್ರದ ಕಾರ್ಖಾನೆಗಳು ಈಗ ಇಆರ್‌ಪಿ ಕೊಳ್ಳುವ ಹಂತಕ್ಕೆ ಬಂದಿವೆ. ಈಗಾಗಲೇ ಕೊಂಡವರಲ್ಲೂ ಹಲವರು ಮತ್ತೆ ಲೆಕ್ಕ ಹಾಕಬೇಕಾಗಿದೆ, ಏಕೆಂದರೆ ಎಸ್‌ಎಪಿ ಸಂಸ್ಥೆಯು ತನ್ನ ಇಆರ್‌ಪಿಯ ಹಳೆಯ ಇಸಿಸಿ ಆವೃತ್ತಿಯ ಸಾಮಾನ್ಯ ನಿರ್ವಹಣೆಯನ್ನು 2027ರ ಕೊನೆಗೆ ನಿಲ್ಲಿಸುವುದಾಗಿ ಪ್ರಕಟಿಸಿದೆ.

ಇಂಥ ಹೊತ್ತಿನಲ್ಲಿ ಮಾಲೀಕರ ಮೇಜಿಗೆ ಬರುವ ಕೊಟೇಶನ್ನಿನಲ್ಲಿ ಸಾಮಾನ್ಯವಾಗಿ ಎರಡು ಮೊತ್ತಗಳಿರುತ್ತವೆ: ಒಂದು ಲೈಸೆನ್ಸಿನ ಬೆಲೆ, ಇನ್ನೊಂದು ಅಳವಡಿಕೆಯ ಶುಲ್ಕ. ಚರ್ಚೆಯೆಲ್ಲ ಈ ಎರಡು ಮೊತ್ತಗಳ ಸುತ್ತಲೇ, ಅದರಲ್ಲೂ ಮೊದಲನೆಯದರ ಸುತ್ತಲೇ ನಡೆಯುತ್ತದೆ. ಐದು ವರ್ಷದಲ್ಲಿ ಕಾರ್ಖಾನೆಯಿಂದ ಹೊರಹೋಗುವ ಒಟ್ಟು ಹಣ ಮತ್ತು ಶ್ರಮವನ್ನು ಒಂದೇ ಕಡೆ ಕೂಡಿಸಿದಾಗ ಬೇರೆಯದೇ ಚಿತ್ರ ಕಾಣುತ್ತದೆ. ಆ ಚಿತ್ರವನ್ನು ಬಿಡಿಸಿ ತೋರಿಸುವುದು ಈ ಲೇಖನದ ಉದ್ದೇಶ.

## ಒಡೆತನದ ಒಟ್ಟು ವೆಚ್ಚ ಎಂದರೇನು?

ಒಂದು ವಸ್ತುವನ್ನು ಕೊಳ್ಳುವ ಬೆಲೆ ಬೇರೆ, ಅದನ್ನು ಇಟ್ಟುಕೊಂಡು ಬಳಸುವ ಬೆಲೆ ಬೇರೆ. ಎರಡನ್ನೂ ಸೇರಿಸಿದ ಮೊತ್ತವೇ ಒಡೆತನದ ಒಟ್ಟು ವೆಚ್ಚ. ಮನೆ ಕಟ್ಟಿಸಿದವರಿಗೆ ಇದರ ಅನುಭವ ಇರುತ್ತದೆ. ಗುತ್ತಿಗೆದಾರ ಚದರಡಿಗೆ ಇಷ್ಟು ಎಂದು ಹೇಳುವ ದರದಲ್ಲಿ ಕಾಂಪೌಂಡು, ಕೊಳವೆಬಾವಿ, ವಿದ್ಯುತ್ ಸಂಪರ್ಕ ಯಾವುದೂ ಸೇರಿರುವುದಿಲ್ಲ. ಗೋಡೆ ಎದ್ದ ಮೇಲೆ ಕಿಟಕಿಯ ಜಾಗ ಬದಲಾಯಿಸಿದರೆ ಅದಕ್ಕೆ ಬೇರೆ ಹಣ ಕೊಡಬೇಕು. ಇವೆಲ್ಲದರ ಜೊತೆಗೆ, ಮನೆಯ ಯಜಮಾನ ಕೆಲಸಕ್ಕೆ ರಜೆ ಹಾಕಿ ಕಟ್ಟಡದ ಬಳಿ ಕಳೆದ ದಿನಗಳು ಯಾವ ಬಿಲ್ಲಿನಲ್ಲೂ ಕಾಣಿಸುವುದಿಲ್ಲ. ಇಆರ್‌ಪಿಯಲ್ಲಿ ಅತಿ ಹೆಚ್ಚು ಮರೆತುಹೋಗುವುದು ಈ ಕೊನೆಯ ಬಾಬತ್ತು.

ಐದು ವರ್ಷದ ಅವಧಿಯನ್ನೇ ಏಕೆ ಹಿಡಿಯಬೇಕು ಎಂಬ ಪ್ರಶ್ನೆ ಸಹಜ. ಮೊದಲ ವರ್ಷ ಬಹುಪಾಲು ಅಳವಡಿಕೆಯಲ್ಲೇ ಕಳೆಯುತ್ತದೆ, ಆದ್ದರಿಂದ ಒಂದೆರಡು ವರ್ಷದ ಲೆಕ್ಕದಲ್ಲಿ ಬಳಕೆಯ ಖರ್ಚು ಕಾಣುವುದೇ ಇಲ್ಲ. ಐದು ವರ್ಷದೊಳಗೆ ತಂತ್ರಾಂಶದ ಒಂದಾದರೂ ದೊಡ್ಡ ಆವೃತ್ತಿ ಬದಲಾವಣೆ ಬರುತ್ತದೆ, ಬಳಕೆದಾರರ ಸಂಖ್ಯೆ ಹೆಚ್ಚುತ್ತದೆ, ಕಾನೂನೂ ಬದಲಾಗುತ್ತದೆ. ವಾರ್ಷಿಕ ₹60 ಕೋಟಿ ವಹಿವಾಟಿನ ಒಂದು ಕಾರ್ಖಾನೆಯು 2019ರಲ್ಲಿ ಇಆರ್‌ಪಿ ಕೊಂಡಿತ್ತು ಎಂದುಕೊಳ್ಳೋಣ. ಅದಕ್ಕೆ 2021ರ ಏಪ್ರಿಲ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಯಿತು, ಏಕೆಂದರೆ ಅಂದು ಅದರ ವಹಿವಾಟಿನ ಮಿತಿಯನ್ನು ₹50 ಕೋಟಿಗೆ ಇಳಿಸಲಾಯಿತು. ಅದೇ ದಿನದಿಂದ ಬಿಲ್ಲಿನಲ್ಲಿ ಆರು ಅಂಕಿಯ ಎಚ್‌ಎಸ್‌ಎನ್ ಸಂಕೇತವೂ ಬೇಕಾಯಿತು. ಅದು ಕಂಪನಿ ಕಾಯ್ದೆಯಡಿ ನೋಂದಾಯಿತ ಸಂಸ್ಥೆಯಾಗಿದ್ದರೆ 2023ರ ಏಪ್ರಿಲ್ 1ರಿಂದ ಲೆಕ್ಕಪತ್ರದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯುವ ವ್ಯವಸ್ಥೆ ಇರಲೇಬೇಕಾಯಿತು. 2019ರಲ್ಲಿ ಬಂದ ಯಾವ ಕೊಟೇಶನ್ನಿನಲ್ಲೂ ಇವುಗಳಿಗೆ ಹಣ ಹಿಡಿದಿರಲು ಸಾಧ್ಯವಿರಲಿಲ್ಲ. ಮುಂದಿನ ಐದು ವರ್ಷದಲ್ಲಿ ಏನು ಬದಲಾಗುತ್ತದೆಂದು ಇಂದು ಹೇಳಲಾಗದಿದ್ದರೂ ಏನೋ ಒಂದು ಬದಲಾಗುತ್ತದೆ ಎಂದು ಹಣ ತೆಗೆದಿಡುವುದು ಲೆಕ್ಕದ ಭಾಗವೇ ಆಗಬೇಕು.

## ಉದಾಹರಣೆಗೆ ಒಂದು ಕಾರ್ಖಾನೆ

ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡಲು ಬೆಂಗಳೂರಿನ ಪೀಣ್ಯದಲ್ಲಿರುವಂಥ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಅದು ವಾಹನಗಳ ಬಿಡಿಭಾಗಗಳನ್ನು ಲೇತ್ ಯಂತ್ರಗಳಲ್ಲಿ ತಯಾರಿಸುತ್ತದೆ, ಪ್ಲೇಟಿಂಗ್ ಮತ್ತು ಹೀಟ್ ಟ್ರೀಟ್‌ಮೆಂಟ್ ಕೆಲಸಗಳನ್ನು ಹೊರಗಿನ ಜಾಬ್ ವರ್ಕ್ ಘಟಕಗಳಿಗೆ ಕಳಿಸುತ್ತದೆ. ಅಲ್ಲಿ 180 ಮಂದಿ ದುಡಿಯುತ್ತಾರೆ, ಅವರಲ್ಲಿ 40 ಮಂದಿ ಇಆರ್‌ಪಿ ಬಳಸಬೇಕಾಗಿದೆ. ಇಲ್ಲಿ ಕೊಡುವ ದರಗಳೆಲ್ಲ ಲೆಕ್ಕದ ಸಲುವಾಗಿ ಹಿಡಿದುಕೊಂಡವು. ಯಾವುದೇ ನಿರ್ದಿಷ್ಟ ಉತ್ಪನ್ನದ ಬೆಲೆಪಟ್ಟಿಯಿಂದ ತೆಗೆದವಲ್ಲ. ಓದುಗರು ತಮ್ಮ ಕೊಟೇಶನ್ನಿನ ಅಂಕಿಗಳನ್ನು ಇವುಗಳ ಜಾಗದಲ್ಲಿ ಇಟ್ಟು ನೋಡಬಹುದು. ಜಿಎಸ್‌ಟಿಯನ್ನು ಸೇರಿಸಿಲ್ಲ, ಏಕೆಂದರೆ ತಯಾರಿಕಾ ಘಟಕಕ್ಕೆ ಸಾಮಾನ್ಯವಾಗಿ ಅದರ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ.

ಈ ಕಾರ್ಖಾನೆಗೆ ಬಂದ ಕೊಟೇಶನ್ ₹66 ಲಕ್ಷ ಎಂದುಕೊಳ್ಳೋಣ. ಅದರಲ್ಲಿ ಲೈಸೆನ್ಸು ₹30 ಲಕ್ಷ, ಅಳವಡಿಕೆ ₹36 ಲಕ್ಷ.

## ಲೈಸೆನ್ಸು: ಒಮ್ಮೆ ಕೊಟ್ಟರೆ ಮುಗಿಯುವುದಿಲ್ಲ

ಲೈಸೆನ್ಸಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದರಲ್ಲಿ ಬಳಕೆಯ ಹಕ್ಕನ್ನು ಶಾಶ್ವತವಾಗಿ ಕೊಳ್ಳುತ್ತೇವೆ, ಅದು ಸ್ವಂತ ಮನೆಯಂತೆ. ಇನ್ನೊಂದರಲ್ಲಿ ಪ್ರತಿ ಬಳಕೆದಾರನಿಗೆ ತಿಂಗಳಿಗೆ ಅಥವಾ ವರ್ಷಕ್ಕೆ ಇಷ್ಟು ಎಂದು ಚಂದಾ ಕಟ್ಟುತ್ತೇವೆ, ಅದು ಬಾಡಿಗೆ ಮನೆಯಂತೆ. ನಮ್ಮ ಉದಾಹರಣೆ ಮೊದಲನೆಯ ಬಗೆಯದು. ಎಲ್ಲ ವಿಭಾಗಗಳನ್ನೂ ತೆರೆಯಬಲ್ಲ 15 ಪೂರ್ಣ ಬಳಕೆದಾರರಿಗೆ ತಲಾ ₹1 ಲಕ್ಷ, ಕೆಲವೇ ಪರದೆಗಳನ್ನು ಬಳಸುವ 25 ಸೀಮಿತ ಬಳಕೆದಾರರಿಗೆ ತಲಾ ₹40 ಸಾವಿರ, ದತ್ತಾಂಶ ಕೋಶದ ಲೈಸೆನ್ಸಿಗೆ ₹5 ಲಕ್ಷ ಸೇರಿ ₹30 ಲಕ್ಷ ಆಗುತ್ತದೆ.

ಶಾಶ್ವತ ಲೈಸೆನ್ಸಿನ ಜೊತೆಗೆ ವಾರ್ಷಿಕ ನಿರ್ವಹಣಾ ಶುಲ್ಕ ಬರುತ್ತದೆ, ನಮ್ಮಲ್ಲಿ ಇದನ್ನು ಎಎಂಸಿ ಎನ್ನುವುದೇ ರೂಢಿ. ಇದು ಲೈಸೆನ್ಸಿನ ಬೆಲೆಯ ಐದನೆಯ ಒಂದು ಭಾಗದ ಆಸುಪಾಸಿನಲ್ಲಿರುವುದು ಸಾಮಾನ್ಯ. ಶೇ. 18 ಎಂದು ಹಿಡಿದರೂ ವರ್ಷಕ್ಕೆ ₹5.4 ಲಕ್ಷ, ಐದು ವರ್ಷಕ್ಕೆ ₹27 ಲಕ್ಷ. ಅಂದರೆ ಐದು ವರ್ಷದ ಎಎಂಸಿಯೊಂದೇ ಲೈಸೆನ್ಸಿನ ಬೆಲೆಯನ್ನು ಬಹುತೇಕ ಇನ್ನೊಮ್ಮೆ ಕೊಟ್ಟಷ್ಟಾಗುತ್ತದೆ. ಇಲ್ಲಿ ಒಪ್ಪಂದದ ಒಂದು ಸಾಲನ್ನು ಎಚ್ಚರದಿಂದ ಓದಬೇಕು. ಅನೇಕ ಒಪ್ಪಂದಗಳಲ್ಲಿ ಎಎಂಸಿ ಶುರುವಾಗುವುದು ಲೈಸೆನ್ಸು ಕೊಂಡ ದಿನದಿಂದ, ತಂತ್ರಾಂಶ ಬಳಕೆಗೆ ಬಂದ ದಿನದಿಂದಲ್ಲ. ಒಂಬತ್ತು ತಿಂಗಳ ಅಳವಡಿಕೆಯ ಕಾಲದಲ್ಲಿ ಯಾರೂ ಬಳಸದ ತಂತ್ರಾಂಶಕ್ಕೆ ನಮ್ಮ ಕಾರ್ಖಾನೆ ₹4 ಲಕ್ಷಕ್ಕೂ ಹೆಚ್ಚು ಎಎಂಸಿ ಕಟ್ಟಿರುತ್ತದೆ. ಲೈಸೆನ್ಸನ್ನು ಎರಡು ಕಂತುಗಳಲ್ಲಿ, ಅಂದರೆ ಅಳವಡಿಕೆ ತಂಡಕ್ಕೆ ಬೇಕಾದಷ್ಟನ್ನು ಮೊದಲು ಮತ್ತು ಉಳಿದದ್ದನ್ನು ಬಳಕೆ ಆರಂಭವಾಗುವ ಮುನ್ನ ಕೊಂಡರೆ ಇದರ ದೊಡ್ಡ ಪಾಲು ಉಳಿಯುತ್ತದೆ.

ಮೂರನೆಯ ವರ್ಷದ ಆರಂಭದಲ್ಲಿ ಹತ್ತು ಸೀಮಿತ ಬಳಕೆದಾರರು ಹೆಚ್ಚಾದರೆ ಲೈಸೆನ್ಸಿಗೆ ₹4 ಲಕ್ಷ, ಅದರ ಎಎಂಸಿ ಉಳಿದ ಮೂರು ವರ್ಷಕ್ಕೆ ₹2.16 ಲಕ್ಷ. ಹೀಗೆ ₹30 ಲಕ್ಷದ ಬಾಬತ್ತು ಐದು ವರ್ಷದಲ್ಲಿ ಸುಮಾರು ₹63 ಲಕ್ಷವಾಗುತ್ತದೆ.

## ಕನ್ಸಲ್ಟೆಂಟರು: ಮಾನವ ದಿನಗಳ ಲೆಕ್ಕ

ಅಳವಡಿಕೆಯ ಶುಲ್ಕದ ಹಿಂದೆ ಇರುವುದು ಮಾನವ ದಿನಗಳ ಎಣಿಕೆ. ನಮ್ಮ ಕೊಟೇಶನ್ನಿನಲ್ಲಿ 360 ದಿನ, ದಿನಕ್ಕೆ ₹10 ಸಾವಿರ. ಕಾರ್ಖಾನೆಯ ಕೆಲಸದ ರೀತಿಯನ್ನು ಕೇಳಿ ಬರೆದುಕೊಳ್ಳುವುದು, ಅದಕ್ಕೆ ತಕ್ಕಂತೆ ತಂತ್ರಾಂಶವನ್ನು ಹೊಂದಿಸುವುದು, ಹಳೆಯ ದತ್ತಾಂಶವನ್ನು ಏರಿಸಲು ನಮೂನೆಗಳನ್ನು ಕೊಡುವುದು, ಪರೀಕ್ಷೆಗೆ ನೆರವಾಗುವುದು, ಗೋ-ಲೈವ್ ಆದ ಮೇಲೆ ಮೂರು ತಿಂಗಳು ಜೊತೆಗಿರುವುದು ಇವೆಲ್ಲ ಆ 360 ದಿನಗಳಲ್ಲಿ ಸೇರಿವೆ. ಗೋ-ಲೈವ್ ಎಂದರೆ ಹಳೆಯ ವ್ಯವಸ್ಥೆ ನಿಲ್ಲಿಸಿ ನಿಜವಾದ ವ್ಯವಹಾರವನ್ನು ಹೊಸದರಲ್ಲಿ ಆರಂಭಿಸುವ ದಿನ.

ಖರ್ಚು ಬೆಳೆಯುವುದು ಕೊಟೇಶನ್ನಿನಲ್ಲಿ ಇಲ್ಲದ ಕೆಲಸದಿಂದ. ತಂತ್ರಾಂಶದ ಸಿದ್ಧ ರೂಪದಲ್ಲಿ ಇಲ್ಲದ್ದನ್ನು ಕೇಳಿದಾಗ ಅದು ಚೇಂಜ್ ರಿಕ್ವೆಸ್ಟ್ ಆಗುತ್ತದೆ ಮತ್ತು ಅದಕ್ಕೆ ಬೇರೆ ಬಿಲ್ಲು ಬರುತ್ತದೆ. ಪೀಣ್ಯದಂಥ ಕಡೆ ಇದಕ್ಕೆ ತಕ್ಕ ನಿದರ್ಶನ ಜಾಬ್ ವರ್ಕ್. ಸಾವಿರ ಬಿಡಿಭಾಗಗಳನ್ನು ಒಂದು ಚಲನ್ನಿನಲ್ಲಿ ಪ್ಲೇಟಿಂಗಿಗೆ ಕಳಿಸಿದರೆ ಆರುನೂರು ಒಂದು ದಿನ, ಮುನ್ನೂರ ಎಂಬತ್ತು ಇನ್ನೊಂದು ದಿನ ಬರುತ್ತವೆ, ಇಪ್ಪತ್ತು ಹಾಳಾಗಿರುತ್ತವೆ. ಕೆಲವೊಮ್ಮೆ ಪ್ಲೇಟಿಂಗ್ ಘಟಕದಿಂದ ಮಾಲು ಕಾರ್ಖಾನೆಗೆ ಬಾರದೆ ನೇರವಾಗಿ ಇನ್ನೊಂದು ಘಟಕಕ್ಕೆ ಹೋಗುತ್ತದೆ. ಜಿಎಸ್‌ಟಿ ಕಾನೂನಿನ ಪ್ರಕಾರ ಹೀಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಹಿಂದಿರುಗಬೇಕು, ಐಟಿಸಿ-04 ನಮೂನೆಯಲ್ಲಿ ಅದರ ವಿವರ ಸಲ್ಲಿಸಬೇಕು. ಹೊರದೇಶದಲ್ಲಿ ಹುಟ್ಟಿದ ಅನೇಕ ಇಆರ್‌ಪಿಗಳಲ್ಲಿ ಹೊರಗುತ್ತಿಗೆಯ ವ್ಯವಸ್ಥೆ ಇದ್ದರೂ ಒಂದೊಂದು ಚಲನ್ನಿನ ಬಾಕಿಯನ್ನು ಹೀಗೆ ಹಿಂಬಾಲಿಸುವ ವಿವರ ತಾನಾಗಿ ಸಿಗುವುದಿಲ್ಲ. ಕೊಟೇಶನ್ನಿನಲ್ಲಿ "ಜಾಬ್ ವರ್ಕ್ ಸೇರಿದೆ" ಎಂದಷ್ಟೇ ಬರೆದಿದ್ದರೆ ಎರಡೂ ಕಡೆಯವರು ಅದನ್ನು ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡಿರುತ್ತಾರೆ. ಆ ವ್ಯತ್ಯಾಸ ಬಯಲಾಗುವುದು ಪರೀಕ್ಷೆಯ ಹಂತದಲ್ಲಿ.

ಇಂಥ ಹನ್ನೆರಡು ಬದಲಾವಣೆಗಳು, ಒಂದೊಂದಕ್ಕೆ ಸರಾಸರಿ ಎಂಟು ದಿನ ಎಂದು ಹಿಡಿದರೆ ₹9.6 ಲಕ್ಷ. ಆದರೆ ಅದರ ಖರ್ಚು ಅಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ನಮಗಾಗಿ ಬರೆಸಿಕೊಂಡ ಪ್ರತಿ ಭಾಗವನ್ನೂ ಮತ್ತೆ ಪರೀಕ್ಷಿಸಬೇಕು, ಕೆಲವನ್ನು ತಿದ್ದಿ ಬರೆಯಬೇಕು. ನಾಲ್ಕನೆಯ ವರ್ಷದ ಆವೃತ್ತಿ ಬದಲಾವಣೆಗೆ 60 ದಿನ, ಅಂದರೆ ₹6 ಲಕ್ಷ ಹಿಡಿದಿದ್ದೇವೆ. ಮೊದಲ ವರ್ಷದ ಬಳಿಕ ಕನ್ಸಲ್ಟೆಂಟ್ ಸಂಸ್ಥೆಯ ಬೆಂಬಲಕ್ಕೆ ತಿಂಗಳಿಗೆ ₹50 ಸಾವಿರದಂತೆ ನಾಲ್ಕು ವರ್ಷಕ್ಕೆ ₹24 ಲಕ್ಷ. ಎಲ್ಲ ಸೇರಿ ₹36 ಲಕ್ಷವಿದ್ದದ್ದು ₹75.6 ಲಕ್ಷವಾಗುತ್ತದೆ.

ತಂತ್ರಾಂಶವನ್ನು ನಮ್ಮ ರೂಢಿಗೆ ಬಗ್ಗಿಸುವುದು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತದ ಅನುಭವ ದಾಖಲೆಯಲ್ಲಿದೆ. ಅದು 2022ರ ಏಪ್ರಿಲ್‌ನಲ್ಲಿ ಎಸ್‌ಎಪಿಯಿಂದ ಒರಾಕಲ್ ವ್ಯವಸ್ಥೆಗೆ ಬದಲಾಯಿತು. ಆರಂಭದ ಅಂದಾಜು ಸುಮಾರು 1.9 ಕೋಟಿ ಪೌಂಡ್ ಇತ್ತು. ತನ್ನ ಕೆಲಸದ ರೀತಿಯನ್ನು ತಂತ್ರಾಂಶಕ್ಕೆ ಹೊಂದಿಸಿಕೊಳ್ಳುವ ಬದಲು ತಂತ್ರಾಂಶದಲ್ಲೇ ಮಾರ್ಪಾಡುಗಳನ್ನು ಮಾಡಿಸಿಕೊಂಡಿತು. ಬ್ಯಾಂಕ್ ಖಾತೆಯ ತಾಳೆ ಮಾಡುವ ಮಾರ್ಪಡಿಸಿದ ಭಾಗ ಸರಿಯಾಗಿ ಕೆಲಸ ಮಾಡದೆ ಸಿಬ್ಬಂದಿ ಕೈಯಿಂದ ಲೆಕ್ಕ ಹೊಂದಿಸಬೇಕಾಯಿತು. 2023ರ ಹೊತ್ತಿಗೆ ವೆಚ್ಚ 10 ಕೋಟಿ ಪೌಂಡ್ ತಲುಪಬಹುದೆಂದು ನಗರಾಡಳಿತವೇ ಹೇಳಿತು. ಗಾತ್ರದಲ್ಲಿ ನಮ್ಮ ಕಾರ್ಖಾನೆಗೂ ಅದಕ್ಕೂ ಹೋಲಿಕೆಯಿಲ್ಲದಿದ್ದರೂ ಖರ್ಚು ಬೆಳೆದ ದಾರಿ ಒಂದೇ.

## ಹೋಸ್ಟಿಂಗ್

ಈ ಬಾಬತ್ತು ಸರಳ. ತಂತ್ರಾಂಶ ಓಡುವ ಸರ್ವರನ್ನು ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದರೆ ನಿಜ ವ್ಯವಹಾರಕ್ಕೆ ಒಂದು, ಪರೀಕ್ಷೆಗೆ ಇನ್ನೊಂದು, ಜೊತೆಗೆ ಬ್ಯಾಕಪ್ ಸೇರಿ ತಿಂಗಳಿಗೆ ₹45 ಸಾವಿರದಂತೆ ಐದು ವರ್ಷಕ್ಕೆ ₹27 ಲಕ್ಷ. ಪರೀಕ್ಷೆಯ ಸರ್ವರನ್ನು ಉಳಿತಾಯಕ್ಕೆಂದು ಗೋ-ಲೈವ್ ಆದೊಡನೆ ನಿಲ್ಲಿಸುವವರಿದ್ದಾರೆ. ಆಮೇಲೆ ಪ್ರತಿ ಬದಲಾವಣೆಯನ್ನೂ ನಿಜ ದತ್ತಾಂಶದ ಮೇಲೆಯೇ ಪ್ರಯೋಗಿಸಬೇಕಾಗುತ್ತದೆ. ಇಂಟರ್ನೆಟ್ ಕಡಿತವಾದರೆ ಬಿಲ್ಲು ಮಾಡಲಾಗದೆ ಲಾರಿ ಗೇಟಿನಲ್ಲೇ ನಿಲ್ಲುವುದರಿಂದ ಎರಡನೆಯ ಸಂಪರ್ಕ ಬೇಕು, ಅದಕ್ಕೆ ₹3 ಲಕ್ಷ. ಬಾರ್‌ಕೋಡ್ ಸ್ಕ್ಯಾನರ್, ಲೇಬಲ್ ಪ್ರಿಂಟರ್, ಯಂತ್ರಾಗಾರದ ಕಂಪ್ಯೂಟರುಗಳಿಗೆ ₹4 ಲಕ್ಷ. ಒಟ್ಟು ₹34 ಲಕ್ಷ.

## ಬಿಲ್ಲಿನಲ್ಲಿ ಕಾಣದ ಶ್ರಮ

ಕನ್ಸಲ್ಟೆಂಟರಿಗೆ ತಂತ್ರಾಂಶ ಗೊತ್ತಿರುತ್ತದೆ, ಕಾರ್ಖಾನೆ ಗೊತ್ತಿರುವುದಿಲ್ಲ. ಕಾರ್ಖಾನೆಯನ್ನು ಬಲ್ಲವರು ಸ್ಟೋರ್ಸಿನ ಮುಖ್ಯಸ್ಥ, ಉತ್ಪಾದನೆಯ ಯೋಜನೆ ಹಾಕುವವನು, ಲೆಕ್ಕಪತ್ರ ವಿಭಾಗದ ಹಿರಿಯರು. ಇವರನ್ನು ಯೋಜನೆಯ ಭಾಷೆಯಲ್ಲಿ ಕೀ ಯೂಸರ್ ಎನ್ನುತ್ತಾರೆ. ಪ್ರತಿ ವಿಭಾಗಕ್ಕೆ ಒಬ್ಬರಂತೆ ಆರು ಮಂದಿ ಒಂಬತ್ತು ತಿಂಗಳು ತಮ್ಮ ಅರ್ಧ ಸಮಯವನ್ನು ಕೊಡಬೇಕು. ಅವರಿಗಾಗಿ ಕಾರ್ಖಾನೆ ಮಾಡುವ ಸರಾಸರಿ ಖರ್ಚು ತಿಂಗಳಿಗೆ ₹50 ಸಾವಿರ ಎಂದಾದರೆ ಇದು ₹13.5 ಲಕ್ಷ. ಯೋಜನೆಯನ್ನು ಪೂರ್ಣಾವಧಿ ಮುನ್ನಡೆಸುವ ಹಿರಿಯರೊಬ್ಬರಿಗೆ ತಿಂಗಳಿಗೆ ₹1 ಲಕ್ಷದಂತೆ ₹9 ಲಕ್ಷ.

ದತ್ತಾಂಶ ಶುದ್ಧಿಯ ಕೆಲಸಕ್ಕೆ ನಾಲ್ಕು ಮಂದಿ ಎರಡು ತಿಂಗಳು ಕೂತರೆ ₹2.4 ಲಕ್ಷ. ಹಣದಲ್ಲಿ ಇದು ಚಿಕ್ಕದು, ಆದರೆ ಯೋಜನೆ ಕುಸಿಯುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಕ್ಸೆಲ್ ಪಟ್ಟಿಯಲ್ಲಿ ಒಂದೇ ಬೋಲ್ಟು "ಎಂ8 ಬೋಲ್ಟ್ 25", "ಹೆಕ್ಸ್ ಬೋಲ್ಟ್ 8x25", "ಬೋಲ್ಟ್ 8 ಎಂಎಂ" ಎಂದು ಮೂರು ಹೆಸರಿನಲ್ಲಿರುತ್ತದೆ. ಮನುಷ್ಯರಿಗೆ ಅದು ಒಂದೇ ಎಂದು ತಿಳಿಯುತ್ತದೆ, ತಂತ್ರಾಂಶಕ್ಕೆ ಅವು ಮೂರು ಬೇರೆ ವಸ್ತುಗಳು. ಒಂದರಲ್ಲಿ ದಾಸ್ತಾನು ತುಂಬಿರುವಾಗಲೇ ಇನ್ನೊಂದಕ್ಕೆ ಖರೀದಿ ಆದೇಶ ಹೋಗುತ್ತದೆ. ಅಳತೆಯ ಘಟಕದ ತೊಡಕು ಇದಕ್ಕಿಂತ ಆಳವಾದದ್ದು. ಉಕ್ಕಿನ ಸರಳನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ, ಯಂತ್ರಕ್ಕೆ ಸರಳುಗಳ ಎಣಿಕೆಯಲ್ಲಿ ಕೊಡುತ್ತಾರೆ, ತಯಾರಾದ ಬಿಡಿಭಾಗವನ್ನು ಒಂದೊಂದಾಗಿ ಎಣಿಸಿ ಮಾರುತ್ತಾರೆ. ಒಂದು ಬಿಡಿಭಾಗಕ್ಕೆ ಎಷ್ಟು ಗ್ರಾಂ ಉಕ್ಕು ಬೇಕು, ಅದರಲ್ಲಿ ಎಷ್ಟು ಸಿಪ್ಪೆಯಾಗಿ ಹೋಗುತ್ತದೆ, ಸರಳಿನ ತುದಿಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಬಿಒಎಂ ಎಂಬ ಸಾಮಗ್ರಿ ಪಟ್ಟಿಯಲ್ಲಿ ನಿಖರವಾಗಿ ಬರೆಯಬೇಕು. ಆ ಅಂಕಿ ಅಂದಾಜಿನದ್ದಾಗಿದ್ದರೆ ಗೋ-ಲೈವ್ ಆದ ಕೆಲವೇ ವಾರಗಳಲ್ಲಿ ಪರದೆಯ ಮೇಲಿನ ದಾಸ್ತಾನಿಗೂ ಗೋದಾಮಿನ ದಾಸ್ತಾನಿಗೂ ತಾಳೆ ತಪ್ಪುತ್ತದೆ, ಕೆಲವು ವಸ್ತುಗಳು ಸೊನ್ನೆಗಿಂತ ಕೆಳಗಿಳಿದು ಕಾಣಿಸುತ್ತವೆ. ಆಗ ಸ್ಟೋರ್ಸಿನವರು ತಮ್ಮ ಹಳೆಯ ಎಕ್ಸೆಲ್ ಹಾಳೆಯನ್ನು ಮತ್ತೆ ತೆರೆಯುತ್ತಾರೆ, ಕಾರ್ಖಾನೆ ಎರಡು ಲೆಕ್ಕಗಳನ್ನು ಒಟ್ಟಿಗೆ ನಡೆಸತೊಡಗುತ್ತದೆ. ಸಾಮಗ್ರಿಯನ್ನು ತೂಗಿ ನೋಡಿ ಬಿಒಎಂ ಬರೆಯುವ ಕೆಲಸವನ್ನು ಯಾವ ಕನ್ಸಲ್ಟೆಂಟನೂ ನಮ್ಮ ಪರವಾಗಿ ಮಾಡಲಾರ.

40 ಬಳಕೆದಾರರಿಗೆ ತಲಾ ಐದು ದಿನದ ತರಬೇತಿಯ ಸಂಬಳದ ವೆಚ್ಚ, ದಿನಕ್ಕೆ ₹1,400ರಂತೆ ₹2.8 ಲಕ್ಷ. ಗೋ-ಲೈವ್ ಆದ ಮೊದಲ ಮೂರು ತಿಂಗಳು ಎಲ್ಲರೂ ನಿಧಾನವಾಗುತ್ತಾರೆ. ಹಿಂದೆ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಬಿಲ್ಲಿಗೆ ಅರ್ಧ ಗಂಟೆ ಹಿಡಿಯುತ್ತದೆ, ತಿಂಗಳ ಲೆಕ್ಕ ಮುಗಿಸುವುದು ಹತ್ತನೆಯ ತಾರೀಖಿನಿಂದ ಇಪ್ಪತ್ತಕ್ಕೆ ಹೋಗುತ್ತದೆ. ಸಮಯದ ಕಾಲು ಭಾಗ ನಷ್ಟವೆಂದು ಹಿಡಿದರೆ, ತಿಂಗಳಿಗೆ ಸರಾಸರಿ ₹35 ಸಾವಿರದ 40 ಮಂದಿಯ ಲೆಕ್ಕದಲ್ಲಿ ₹10.5 ಲಕ್ಷ. ಎರಡನೆಯ ವರ್ಷದಿಂದ ಇಆರ್‌ಪಿಯನ್ನೇ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿಕೊಂಡರೆ ನಾಲ್ಕು ವರ್ಷಕ್ಕೆ ₹24 ಲಕ್ಷ. ಕೀ ಯೂಸರುಗಳು ತಿಂಗಳಿಗೆ ಎರಡು ದಿನ ಇದಕ್ಕೆ ಕೊಡುತ್ತಲೇ ಇರುವುದರಿಂದ ಇನ್ನೂ ಸುಮಾರು ₹11.5 ಲಕ್ಷ. ಆಂತರಿಕ ಶ್ರಮದ ಮೊತ್ತ ಹೀಗೆ ₹73.7 ಲಕ್ಷಕ್ಕೆ ಬರುತ್ತದೆ.

ಸಂಬಳವನ್ನು ಹೇಗೂ ಕೊಡುತ್ತಿದ್ದೇವಲ್ಲ, ಅದನ್ನು ಏಕೆ ಸೇರಿಸಬೇಕು ಎಂದು ಮಾಲೀಕರು ಕೇಳುವುದುಂಟು, ಮತ್ತು ಆ ಪ್ರಶ್ನೆ ನ್ಯಾಯವಾದದ್ದು. ಆದ್ದರಿಂದ ಇವನ್ನು ಎರಡು ಅಂಕಣಗಳಾಗಿ ಬರೆಯುವುದು ಒಳ್ಳೆಯದು. ಹೊಸದಾಗಿ ನೇಮಿಸಿಕೊಂಡವರ ₹24 ಲಕ್ಷ ನಗದಾಗಿ ಹೊರಹೋಗುವ ಹಣ. ಉಳಿದ ಸುಮಾರು ₹50 ಲಕ್ಷ ಈಗಾಗಲೇ ಇರುವವರ ಸಮಯ. ಆದರೆ ಸ್ಟೋರ್ಸಿನ ಮುಖ್ಯಸ್ಥನ ಅರ್ಧ ದಿನವನ್ನು ಯೋಜನೆಗೆ ಎಳೆದುಕೊಂಡರೆ ಅವನ ದಿನನಿತ್ಯದ ಕೆಲಸ ಅರ್ಧಕ್ಕೆ ಇಳಿಯುವುದಿಲ್ಲ. ಅದನ್ನು ಅವನು ಸಂಜೆ ಕೂತು ಮಾಡುತ್ತಾನೆ, ಅಥವಾ ಇನ್ನೊಬ್ಬನಿಗೆ ಓವರ್‌ಟೈಮ್ ಕೊಡಬೇಕಾಗುತ್ತದೆ, ಇಲ್ಲವೇ ಯೋಜನೆಯ ಸಭೆಗೆ ಅವನು ಬರುವುದೇ ಇಲ್ಲ. ಮೂರನೆಯದು ಆದಾಗ ಗೋ-ಲೈವ್ ಮುಂದಕ್ಕೆ ಹೋಗುತ್ತದೆ. ನಾಲ್ಕು ತಿಂಗಳು ಮುಂದೂಡಿದರೆ ನಮ್ಮ ಕಾರ್ಖಾನೆಯಲ್ಲಿ ಮುನ್ನಡೆಸುವವರ ಮತ್ತು ಕೀ ಯೂಸರುಗಳ ಸಮಯವೊಂದೇ ₹10 ಲಕ್ಷ ಹೆಚ್ಚಾಗುತ್ತದೆ. ಕನ್ಸಲ್ಟೆಂಟರ ಒಪ್ಪಂದ ನಿಗದಿತ ಮೊತ್ತದ್ದಾಗಿರದೆ ದಿನದ ಲೆಕ್ಕದ್ದಾಗಿದ್ದರೆ ಅವರ ಬಿಲ್ಲೂ ಅದರ ಮೇಲೆ ಸೇರುತ್ತದೆ.

## ಕೂಡಿಸಿದಾಗ ಬರುವ ಮೊತ್ತ

| ಬಾಬತ್ತು | ಕೊಟೇಶನ್ನಿನಲ್ಲಿ (₹ ಲಕ್ಷ) | ಐದು ವರ್ಷದಲ್ಲಿ (₹ ಲಕ್ಷ) |
|---|---|---|
| ಲೈಸೆನ್ಸು ಮತ್ತು ಎಎಂಸಿ | 30 | 63.2 |
| ಕನ್ಸಲ್ಟೆಂಟರು | 36 | 75.6 |
| ಹೋಸ್ಟಿಂಗ್ ಮತ್ತು ಉಪಕರಣ | – | 34.0 |
| ಆಂತರಿಕ ಶ್ರಮ | – | 73.7 |
| ಒಟ್ಟು | 66 | 246.5 |

ಕೊಟೇಶನ್ನಿನ ₹66 ಲಕ್ಷ ಐದು ವರ್ಷದಲ್ಲಿ ₹2.46 ಕೋಟಿಗೂ ಮೇಲಾಗುತ್ತದೆ, ಅಂದರೆ ಮೂರೂವರೆ ಪಟ್ಟಿಗಿಂತ ಹೆಚ್ಚು. ಅದರಲ್ಲಿ ನಗದಾಗಿ ಹೊರಹೋಗುವುದು ಸುಮಾರು ₹1.97 ಕೋಟಿ. ಕನ್ಸಲ್ಟೆಂಟರು ಮತ್ತು ಆಂತರಿಕ ಶ್ರಮ ಎರಡೂ ಸೇರಿ ಒಟ್ಟಿನ ಶೇ. 60ರಷ್ಟು. ಆರಂಭದ ಲೈಸೆನ್ಸಿನ ₹30 ಲಕ್ಷ ಶೇ. 12 ಮಾತ್ರ. ಮಾಲೀಕರು ತಿಂಗಳುಗಟ್ಟಲೆ ಚೌಕಾಸಿ ಮಾಡುವುದು ಈ ಶೇ. 12ರ ಮೇಲೆ.

ಈ ಪ್ರಮಾಣ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಹೊರಗಡೆಯ ಜಾಬ್ ವರ್ಕ್ ಇಲ್ಲದ, ಕೆಲವೇ ಬಗೆಯ ಸರಕು ಮಾರುವ ವ್ಯಾಪಾರ ಸಂಸ್ಥೆಯಲ್ಲಿ ಕನ್ಸಲ್ಟೆಂಟರ ಪಾಲು ಬಹಳ ಇಳಿಯುತ್ತದೆ. ಮೂರು ಊರುಗಳಲ್ಲಿ ಘಟಕಗಳಿರುವ ಸಂಸ್ಥೆಯಲ್ಲಿ ಆಂತರಿಕ ಶ್ರಮ ಇದಕ್ಕಿಂತಲೂ ಹೆಚ್ಚಾಗುತ್ತದೆ.

## ಚಂದಾ ಪದ್ಧತಿ ಅಥವಾ ಮುಕ್ತ ತಂತ್ರಾಂಶವಾದರೆ?

ಇದೇ ಕಾರ್ಖಾನೆ ಹೋಸ್ಟಿಂಗ್ ಸೇರಿದ ಚಂದಾ ಪದ್ಧತಿಯನ್ನು ಆರಿಸಿಕೊಂಡು ಪ್ರತಿ ಬಳಕೆದಾರನಿಗೆ ತಿಂಗಳಿಗೆ ₹2,500 ಕೊಟ್ಟರೆ, ನಡುವೆ ಸೇರಿದ ಹತ್ತು ಮಂದಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಐದು ವರ್ಷಕ್ಕೆ ₹69 ಲಕ್ಷ ಆಗುತ್ತದೆ. ಶಾಶ್ವತ ಲೈಸೆನ್ಸು ಮತ್ತು ಸರ್ವರ್ ಬಾಡಿಗೆಯ ₹90 ಲಕ್ಷಕ್ಕೆ ಹೋಲಿಸಿದರೆ ₹21 ಲಕ್ಷ ಉಳಿತಾಯ. ಒಟ್ಟು ವೆಚ್ಚದಲ್ಲಿ ಅದು ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಐದನೆಯ ವರ್ಷದ ಬಳಿಕ ತಕ್ಕಡಿ ತಿರುಗುತ್ತದೆ: ಶಾಶ್ವತ ಲೈಸೆನ್ಸಿನಲ್ಲಿ ಎಎಂಸಿ ಮತ್ತು ಸರ್ವರಿಗೆ ವರ್ಷಕ್ಕೆ ₹11.5 ಲಕ್ಷ ಸಾಕು, ಚಂದಾ ₹15 ಲಕ್ಷ. ನವೀಕರಣದ ಸಮಯದಲ್ಲಿ ಚಂದಾ ದರ ಎಷ್ಟು ಏರಬಹುದು ಎಂಬ ಮಿತಿ ಒಪ್ಪಂದದಲ್ಲಿ ಬರೆದಿರದಿದ್ದರೆ ಈ ಅಂಕಿಯನ್ನೂ ನೆಚ್ಚುವಂತಿಲ್ಲ.

ಮುಂಬೈ ಮೂಲದ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ತಂತ್ರಾಂಶಕ್ಕೆ ಲೈಸೆನ್ಸಿನ ಬೆಲೆ ಇಲ್ಲ. ನಮ್ಮ ಲೆಕ್ಕದಲ್ಲಿ ಇದರಿಂದ ₹63 ಲಕ್ಷ, ಅಂದರೆ ಒಟ್ಟಿನ ಕಾಲು ಭಾಗ ಇಳಿಯುತ್ತದೆ. ಇದು ನಿಜವಾದ ಉಳಿತಾಯ. ಆದರೆ ಬಿಒಎಂ ಬರೆಯುವುದು, ಬೋಲ್ಟಿನ ಮೂರು ಹೆಸರುಗಳನ್ನು ಒಂದು ಮಾಡುವುದು, ಜಾಬ್ ವರ್ಕ್ ಚಲನ್ನನ್ನು ಪರೀಕ್ಷಿಸುವುದು ಅಲ್ಲಿಯೂ ಅಷ್ಟೇ ಇರುತ್ತವೆ. ಮೂಲ ಸಂಕೇತ ಕೈಯಲ್ಲಿರುವುದರಿಂದ ಬೇಕಾದ ಮಾರ್ಪಾಡು ಮಾಡಿಸಿಕೊಳ್ಳುವ ಆಸೆಯೂ ಹೆಚ್ಚುತ್ತದೆ. ಹನ್ನೆರಡು ಬದಲಾವಣೆಗಳು ಮೂವತ್ತಾದರೆ ಉಳಿತಾಯದ ಒಂದು ಪಾಲು ಕನ್ಸಲ್ಟೆಂಟರ ಕಡೆಗೆ ಹೋಗುತ್ತದೆ.

## ಖರ್ಚು ಹಳಿ ತಪ್ಪುತ್ತಿರುವುದನ್ನು ತಿಳಿಯುವುದು ಹೇಗೆ?

ಸಹಿ ಮಾಡುವ ಮುನ್ನ ಕೊಟೇಶನ್ನಿನ ಮಾನವ ದಿನಗಳನ್ನು ಕೆಲಸವಾರು ಬಿಡಿಸಿ ಕೊಡುವಂತೆ ಕೇಳಬೇಕು. ದತ್ತಾಂಶ ವರ್ಗಾವಣೆ ಮತ್ತು ಪರೀಕ್ಷೆಗೆ ಬೆರಳೆಣಿಕೆಯ ದಿನಗಳಷ್ಟೇ ಇದ್ದರೆ ಆ ಕೆಲಸ ನಮ್ಮ ಸಿಬ್ಬಂದಿಯ ಹೆಗಲಿಗೆ ಬರುತ್ತದೆ ಎಂದೇ ಅರ್ಥ. ಜಾಬ್ ವರ್ಕಿನಂಥ ನಮ್ಮದೇ ಆದ ನಾಲ್ಕೈದು ವ್ಯವಹಾರಗಳನ್ನು ನಿಜವಾದ ಚಲನ್ನುಗಳ ಸಮೇತ ಕೊಟ್ಟು, ತಂತ್ರಾಂಶದಲ್ಲಿ ಆರಂಭದಿಂದ ಕೊನೆಯವರೆಗೆ ನಡೆಸಿ ತೋರಿಸಲು ಹೇಳಿದರೆ ಚೇಂಜ್ ರಿಕ್ವೆಸ್ಟುಗಳ ಬಹುಪಾಲು ಅಂದೇ ಬೆಳಕಿಗೆ ಬರುತ್ತವೆ.

ಅಳವಡಿಕೆಯ ನಡುವೆ ಗಮನಿಸಬೇಕಾದದ್ದು ಸಭೆಗೆ ಯಾರು ಬರುತ್ತಿದ್ದಾರೆ ಎಂಬುದು. ವಿಭಾಗದ ಮುಖ್ಯಸ್ಥರ ಬದಲಿಗೆ ಹೊಸದಾಗಿ ಸೇರಿದ ಸಹಾಯಕರು ಬರತೊಡಗಿದರೆ ಅಲ್ಲಿ ತೆಗೆದುಕೊಂಡ ತೀರ್ಮಾನಗಳು ಪರೀಕ್ಷೆಯ ಹಂತದಲ್ಲಿ ತಲೆಕೆಳಗಾಗುತ್ತವೆ. ಗೋ-ಲೈವ್ ಆದ ಮೇಲೆ ಎರಡು ಅಳತೆಗಳು ಸಾಕು. ತಿಂಗಳ ಲೆಕ್ಕ ಮುಗಿಯುವ ತಾರೀಖು ತಿಂಗಳಿಂದ ತಿಂಗಳಿಗೆ ಹಿಂದಕ್ಕೆ ಬರುತ್ತಿದೆಯೇ ಎಂಬುದು ಒಂದು. ಇಆರ್‌ಪಿಯ ಪಕ್ಕದಲ್ಲಿ ಇನ್ನೂ ಎಷ್ಟು ಎಕ್ಸೆಲ್ ಹಾಳೆಗಳು ನಡೆಯುತ್ತಿವೆ ಎಂಬುದು ಇನ್ನೊಂದು. ಆರು ತಿಂಗಳಾದರೂ ಹಾಳೆಗಳ ಸಂಖ್ಯೆ ಇಳಿಯದಿದ್ದರೆ ಮೇಲಿನ ₹10.5 ಲಕ್ಷದ ನಿಧಾನಗತಿ ಮೂರು ತಿಂಗಳಿಗೆ ಮುಗಿಯದೆ ಮುಂದುವರಿದಿದೆ ಎಂದು ತಿಳಿಯಬೇಕು.

## ಐದು ವರ್ಷದ ಆಚೆ

ಆರನೆಯ ವರ್ಷದಿಂದ ಈ ಕಾರ್ಖಾನೆಗೆ ಎಎಂಸಿ, ಸರ್ವರ್ ಮತ್ತು ಇಂಟರ್ನೆಟ್, ಬೆಂಬಲ, ನೇಮಕವಾದವರ ಸಂಬಳ, ಕೀ ಯೂಸರುಗಳ ಸಮಯ ಎಲ್ಲ ಸೇರಿ ವರ್ಷಕ್ಕೆ ಸುಮಾರು ₹27 ಲಕ್ಷ ಬೇಕು. ಆಗ ಬೇರೆ ಇಆರ್‌ಪಿಗೆ ಹೋಗುವ ಯೋಚನೆ ಬಂದರೂ ಹಳೆಯದನ್ನು ಆ ದಿನವೇ ಮುಚ್ಚಲಾಗುವುದಿಲ್ಲ. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಎಂಟು ಹಣಕಾಸು ವರ್ಷಗಳವರೆಗೆ ಕಾಯ್ದಿಡಬೇಕು, ತಿದ್ದುಪಡಿಗಳ ದಾಖಲೆಯನ್ನೂ ಹಾಗೆಯೇ ಉಳಿಸಬೇಕು. ಚಂದಾ ಪದ್ಧತಿಯಲ್ಲಿ ಚಂದಾ ನಿಲ್ಲಿಸಿದೊಡನೆ ಪ್ರವೇಶವೂ ನಿಲ್ಲುತ್ತದೆ. ಆದ್ದರಿಂದ ಒಪ್ಪಂದ ಮುಗಿದಾಗ ದತ್ತಾಂಶವನ್ನು ಯಾವ ರೂಪದಲ್ಲಿ, ಎಷ್ಟು ದಿನದೊಳಗೆ, ಯಾವ ಶುಲ್ಕಕ್ಕೆ ಕೊಡುತ್ತಾರೆ ಮತ್ತು ಹಳೆಯ ಬಿಲ್ಲುಗಳನ್ನು ಓದಲಿಕ್ಕಷ್ಟೇ ತೆರೆಯುವ ಒಂದಿಬ್ಬರ ಪ್ರವೇಶಕ್ಕೆ ವರ್ಷಕ್ಕೆ ಎಷ್ಟಾಗುತ್ತದೆ ಎಂಬುದನ್ನು ಮೊದಲ ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು.